ಸರಾಸರಿ ವೇಗದ ಲೆಕ್ಕದಲ್ಲಿ 50 ಎಂಬ ಬಲೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಈ ಲೆಕ್ಕವನ್ನೊಮ್ಮೆ ಗಮನಿಸಿ. ಬಸ್ಸೊಂದು ಊರಿಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 60 ಕಿ.ಮೀ. ವೇಗದಲ್ಲಿ ಮರಳಿದರೆ ಸರಾಸರಿ ವೇಗವೆಷ್ಟು? ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 50 ಬರುತ್ತದೆ. ಆಯ್ಕೆಗಳಲ್ಲಿಯೂ 50 ಸಾಮಾನ್ಯವಾಗಿ ಇದ್ದೇ ಇರುತ್ತದೆ, ಹಾಗಾಗಿ ತಪ್ಪಿದ್ದು ಗೊತ್ತೇ ಆಗುವುದಿಲ್ಲ.

ದೂರವನ್ನು ಕೊಟ್ಟಿಲ್ಲವೆಂದು ಗಾಬರಿಯಾಗದೆ, 40 ಮತ್ತು 60 ಎರಡರಿಂದಲೂ ಭಾಗವಾಗುವ 120 ಕಿ.ಮೀ. ಎಂದು ನೀವೇ ಇಟ್ಟುಕೊಳ್ಳಿ. ಹೋಗಲು 3 ಗಂಟೆ, ಬರಲು 2 ಗಂಟೆ. ಒಟ್ಟು 240 ಕಿ.ಮೀ.ಗೆ 5 ಗಂಟೆ ಹಿಡಿಯುವುದರಿಂದ ಸರಾಸರಿ ವೇಗ 48. ಬಸ್ಸು ನಿಧಾನವಾಗಿ ಓಡಿದ ಹೊತ್ತೇ ಹೆಚ್ಚಾದ್ದರಿಂದ ಉತ್ತರವು 40ರ ಕಡೆಗೆ ವಾಲುತ್ತದೆ.

ಎರಡು ವೇಗಗಳನ್ನು x, y ಎಂದುಕೊಂಡರೆ, ದೂರಗಳು ಸಮವಾಗಿದ್ದಾಗ ಮಾತ್ರ 2xy/(x+y) ಎಂಬ ಸೂತ್ರವನ್ನು ನೇರವಾಗಿ ಬಳಸಬಹುದು. ಆದರೆ ಪ್ರಶ್ನೆಯಲ್ಲಿ ‘ಮೊದಲ 2 ಗಂಟೆ 40ರ ವೇಗ, ಮುಂದಿನ 2 ಗಂಟೆ 60ರ ವೇಗ’ ಎಂದಿದ್ದರೆ, ಕ್ರಮಿಸಿದ ದೂರ 80 ಮತ್ತು 120 ಸೇರಿ 200 ಕಿ.ಮೀ. ಆಗುತ್ತದೆ, ಆಗ 50 ಎಂಬುದೇ ಸರಿ. ಸೂತ್ರವನ್ನು ಬಾಯಿಪಾಠ ಮಾಡಿದವರು ಎಡವುವುದು (ನಾನೂ ಎಡವಿದ್ದೇನೆ) ಇಲ್ಲಿಯೇ. ಸಮವಾಗಿರುವುದು ದೂರವೋ ಸಮಯವೋ ಎಂಬುದನ್ನು ಪ್ರಶ್ನೆಯಲ್ಲಿ ಗೆರೆ ಎಳೆದು ಗುರುತಿಸಿಕೊಂಡ ಮೇಲೆಯೇ ಲೆಕ್ಕಕ್ಕೆ ಕೈಹಾಕಿ.