ವಿಡಿಯೊ ಕೆಳಗಿನ ವಿವರಣೆ ಬರೆಯುವುದು ಹೇಗೆ? ಒಂದು ಟೊಮೆಟೊ ಕುಂಡದ ಉದಾಹರಣೆ

ಕೈತೋಟದ ವಿಡಿಯೊವನ್ನು ಜನ ಎರಡು ಸಲ ನೋಡುತ್ತಾರೆ. ಮೊದಲ ಸಲ ಆರಾಮಾಗಿ ಕುಳಿತು ನೋಡುತ್ತಾರೆ. ಎರಡನೆಯ ಸಲ ನೋಡುವಾಗ ಮುಂದೆ ಖಾಲಿ ಕುಂಡ, ಪಕ್ಕದಲ್ಲಿ ಗೊಬ್ಬರದ ಚೀಲ, ಕೈತುಂಬ ಮಣ್ಣು. ಆಗ ಅವರಿಗೆ ಬೇಕಾಗಿರುವುದು ಒಂದೇ ಸಂಗತಿ: ಯಾವುದು ಎಷ್ಟು ಹಾಕಬೇಕು? ಅದಕ್ಕಾಗಿ ಹನ್ನೊಂದು ನಿಮಿಷದ ವಿಡಿಯೊವನ್ನು ಹಿಂದೆ ಮುಂದೆ ಎಳೆದಾಡುವಂತಾಗಬಾರದು. ವಿಡಿಯೊ ಕೆಳಗಿನ ವಿವರಣೆ, ಅಂದರೆ ಡಿಸ್ಕ್ರಿಪ್ಷನ್, ಈ ಎರಡನೆಯ ಸಲದ ನೋಡುಗರಿಗಾಗಿ ಬರೆಯಬೇಕಾದದ್ದು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಟೊಮೆಟೊ ಕುಂಡಕ್ಕೆ ಮಣ್ಣು ಸಿದ್ಧಮಾಡುವ ನನ್ನ ವಿಡಿಯೊದಲ್ಲಿ ‘ಎರಡು ಭಾಗ ಮಣ್ಣು, ಎರಡು ಭಾಗ ಕಾಂಪೋಸ್ಟ್, ಒಂದು ಭಾಗ ಕೋಕೋಪೀಟ್’ ಎಂದು ಹೇಳಿದ್ದೆ. ವಿವರಣೆಯಲ್ಲೂ ಅಷ್ಟೇ ಬರೆದಿದ್ದೆ. ಭಾಗ ಎಂದರೆ ಬಕೆಟ್ ಅಳತೆಯೋ ತೂಕವೋ ಎಂದು ಹೇಳಿರಲಿಲ್ಲ. ನೋಡುಗರೊಬ್ಬರು ತಕ್ಕಡಿಯಲ್ಲಿಟ್ಟು ಎರಡು ಕಿಲೊ ಮಣ್ಣು, ಎರಡು ಕಿಲೊ ಕಾಂಪೋಸ್ಟ್, ಒಂದು ಕಿಲೊ ಒಣ ಕೋಕೋಪೀಟ್ ತೂಗಿ ಹಾಕಿದರು. ಒಂದು ಕಿಲೊ ಒಣ ಕೋಕೋಪೀಟ್ ನೆನೆದ ಮೇಲೆ ಹನ್ನೆರಡು ಲೀಟರಿಗೂ ಮೀರಿ ಉಬ್ಬುತ್ತದೆ. ಎರಡು ಕಿಲೊ ಮಣ್ಣು ಎರಡು ಲೀಟರ್ ಕೂಡ ಆಗುವುದಿಲ್ಲ. ಕಾಂಪೋಸ್ಟ್ ಸುಮಾರು ನಾಲ್ಕು ಲೀಟರ್ ಆದೀತು. ಹೀಗಾಗಿ ಐದರಲ್ಲಿ ಒಂದು ಪಾಲು ಇರಬೇಕಿದ್ದ ಕೋಕೋಪೀಟ್ ಅವರ ಕುಂಡದಲ್ಲಿ ಮೂರರಲ್ಲಿ ಎರಡು ಪಾಲು ತುಂಬಿತ್ತು. ಮೇಲೆ ಒಣಗಿದಂತೆ ಕಂಡರೂ ಒಳಗೆ ಸದಾ ಒದ್ದೆ. ಅವರು ಮೇಲ್ಪದರ ನೋಡಿ ದಿನಾ ನೀರು ಹಾಕಿದರು, ಸಸಿಗಳು ಬುಡದಲ್ಲಿ ಕೊಳೆತವು. ‘ನೀವು ಹೇಳಿದಂತೆಯೇ ಮಾಡಿದೆ’ ಎಂದು ಅವರು ಬರೆದಾಗ ನನ್ನ ಬಳಿ ಉತ್ತರವಿರಲಿಲ್ಲ. ಅವರು ನಾನು ಹೇಳಿದಂತೆಯೇ ಮಾಡಿದ್ದರು.

ಅದೇ ವಿಡಿಯೊದ ವಿವರಣೆಯನ್ನು ಆಮೇಲೆ ಹೇಗೆ ತಿದ್ದಿ ಬರೆದೆ ಎಂಬುದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಕಾಗದ ಹಿಡಿದು ಕೂರಿ

ವಿಡಿಯೊ ಎಡಿಟಿಂಗ್ ಪೂರ್ತಿ ಮುಗಿದ ಮೇಲೆಯೇ ವಿವರಣೆಗೆ ಕೈಹಾಕಿ. ಮುಂಚೆಯೇ ಸಮಯ ಗುರುತು ಹಾಕಿಕೊಂಡು, ಆಮೇಲೆ ನಡುವೆ ಹತ್ತು ಸೆಕೆಂಡು ಕತ್ತರಿಸಿದರೆ ಅಲ್ಲಿಂದಾಚೆಗಿನ ಗುರುತೆಲ್ಲ ಜಾರಿಹೋಗುತ್ತದೆ. ಕೊನೆಯ ಪ್ರತಿಯನ್ನು ಒಮ್ಮೆ ನೋಡುತ್ತಾ ಎರಡು ಪಟ್ಟಿ ಮಾಡಿ. ಒಂದರಲ್ಲಿ ಕೆಲಸ ಬದಲಾಗುವ ಸಮಯ. ಇನ್ನೊಂದರಲ್ಲಿ ನೀವು ಬಾಯಲ್ಲಿ ಹೇಳಿದ ಪ್ರತಿಯೊಂದು ಅಳತೆ. ‘ಸ್ವಲ್ಪ’, ‘ಒಂದು ಹಿಡಿ’, ‘ಬೇಕಾದಷ್ಟು’ ಎಂದದ್ದನ್ನೂ ಬರೆದುಕೊಳ್ಳಿ. ವಿವರಣೆಯಲ್ಲಿ ಬಿಡಿಸಿ ಹೇಳಬೇಕಾಗಿರುವುದು ಅವನ್ನೇ.

ಮೊದಲ ಎರಡು ಸಾಲು

ಫೋನಿನಲ್ಲಿ ವಿವರಣೆಯ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ‘ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ’ ಎಂದು ಆ ಜಾಗವನ್ನು ಕಳೆಯಬೇಡಿ. ಸ್ವಾಗತ ವಿಡಿಯೊದಲ್ಲೇ ಆಗಿರುತ್ತದೆ. ನಾನು ಈಗ ಬರೆಯುವುದು ಹೀಗೆ: ‘12 ಇಂಚಿನ ಕುಂಡದಲ್ಲಿ ಒಂದು ಟೊಮೆಟೊ ಗಿಡಕ್ಕೆ ಮಣ್ಣು ಬೆರೆಸುವ ವಿಧಾನ. ಅಳತೆಯೆಲ್ಲ ಲೀಟರಿನಲ್ಲಿ, ತೂಕದಲ್ಲಿ ಅಲ್ಲ.’ ಯಾವ ಕುಂಡ, ಎಷ್ಟು ಗಿಡ, ಯಾವ ಅಳತೆ ಎಂಬುದು ಇಷ್ಟರಲ್ಲೇ ತಿಳಿಯಿತು.

ಅಳತೆ: ಕುಂಡದಿಂದ ಶುರು

ಪ್ರಮಾಣ ಕೊಟ್ಟರೆ ಸಾಲದು, ಲೆಕ್ಕ ಮಾಡಿ ಕೊಡಬೇಕು. ನನ್ನ ಕುಂಡ ಬಕೆಟ್ಟಿನಂತೆ ನೇರವಾದದ್ದು, ಅಗಲ 30 ಸೆಂಟಿಮೀಟರ್, ಎತ್ತರವೂ 30. ನೀರು ನಿಲ್ಲಲು ಮೇಲೆ ನಾಲ್ಕು ಸೆಂಟಿಮೀಟರ್ ಬಿಟ್ಟರೆ ಮಣ್ಣಿಗೆ ಉಳಿಯುವ ಆಳ 26. ಅಗಲದ ಅರ್ಧ 15. ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 3.14ರಿಂದ, ಮತ್ತೆ ಆಳದಿಂದ ಗುಣಿಸಿದರೆ 18,000 ಚಿಲ್ಲರೆ ಘನ ಸೆಂಟಿಮೀಟರ್ ಸಿಗುತ್ತದೆ. ಸಾವಿರಕ್ಕೆ ಒಂದು ಲೀಟರಿನಂತೆ, ಹದಿನೆಂಟು ಲೀಟರ್.

ಬೆರೆಸುವಾಗ ಸಣ್ಣ ಕಣಗಳು ದಪ್ಪ ಕಣಗಳ ಸಂದಿಗೆ ಇಳಿದು ಒಟ್ಟು ಗಾತ್ರ ಕುಗ್ಗುವುದರಿಂದ ಇಪ್ಪತ್ತು ಲೀಟರಿಗೆ ಲೆಕ್ಕ ಹಿಡಿಯುತ್ತೇನೆ. ಎಂಟು ಲೀಟರ್ ಜರಡಿಯಾಡಿದ ತೋಟದ ಮಣ್ಣು, ಎಂಟು ಲೀಟರ್ ಚೆನ್ನಾಗಿ ಕಳಿತ ಕಾಂಪೋಸ್ಟ್, ನಾಲ್ಕು ಲೀಟರ್ ನೆನೆಸಿ ಹಿಂಡಿದ ಕೋಕೋಪೀಟ್. ‘ನೆನೆಸಿ ಹಿಂಡಿದ’ ಎಂಬ ಮಾತು ಬಿಟ್ಟರೆ ಮತ್ತೆ ಹಳೆಯ ತಪ್ಪೇ. 650 ಗ್ರಾಂನ ಒಂದು ಒಣ ಕೋಕೋಪೀಟ್ ಇಟ್ಟಿಗೆ ನೆನೆದರೆ ಎಂಟು ಲೀಟರಿನ ಆಸುಪಾಸು ಆಗುತ್ತದೆ, ಹಾಗಾಗಿ ಒಂದು ಕುಂಡಕ್ಕೆ ಅರ್ಧ ಇಟ್ಟಿಗೆ ಸಾಕು ಎಂದೂ ಸೇರಿಸುತ್ತೇನೆ. ಕುಂಡ ಕೆಳಗೆ ಕಿರಿದಾಗಿದ್ದರೆ ಈ ಲೆಕ್ಕ ಹೆಚ್ಚಾಗುತ್ತದೆ. ಅಂಥವರು ತೂತಿಗೆ ಒಂದು ಪ್ಲಾಸ್ಟಿಕ್ ಚೀಲ ಹಾಸಿ, ಲೀಟರ್ ಬಾಟಲಿಯಲ್ಲಿ ನೀರು ಸುರಿದು ಎಣಿಸಿದರೆ ಮುಗಿಯಿತು.

ಚಾಪ್ಟರ್ ಪಟ್ಟಿ

ವಿವರಣೆಯಲ್ಲಿ ಸಮಯದ ಗುರುತು ಬರೆದರೆ ಯೂಟ್ಯೂಬ್ ವಿಡಿಯೊವನ್ನು ಚಾಪ್ಟರ್, ಅಂದರೆ ಹೆಸರಿಟ್ಟ ಭಾಗಗಳಾಗಿ ತೋರಿಸುತ್ತದೆ. ಅದಕ್ಕೆ ಕೆಲವು ನಿಯಮಗಳಿವೆ. ಮೊದಲ ಗುರುತು 0:00 ಆಗಿರಬೇಕು. ಕನಿಷ್ಠ ಮೂರು ಗುರುತು ಬೇಕು, ಅವು ಸಮಯದ ಏರಿಕೆಯ ಕ್ರಮದಲ್ಲೇ ಇರಬೇಕು. ಪ್ರತಿ ಚಾಪ್ಟರ್ ಕನಿಷ್ಠ ಹತ್ತು ಸೆಕೆಂಡು ಇರಬೇಕು. ನನ್ನ ಮೊದಲ ಪಟ್ಟಿ ಈ ಕೊನೆಯದರಲ್ಲೇ ಸೋತದ್ದು. 0:00ಕ್ಕೆ ‘ನಮಸ್ಕಾರ’, 0:07ಕ್ಕೆ ‘ಕುಂಡ’ ಎಂದು ಹಾಕಿದ್ದೆ. ಆ ಏಳು ಸೆಕೆಂಡಿನಿಂದಾಗಿ ಚಾಪ್ಟರ್ ಮೂಡಲೇ ಇಲ್ಲ. ತಿದ್ದಿದ ಪಟ್ಟಿ ಇದು:

```
0:00 ಸಿದ್ಧವಾದ ಕುಂಡ ಹೀಗಿರುತ್ತದೆ
0:25 ಕುಂಡದ ಅಳತೆ, ತಳದ ತೂತು
1:50 ಕೋಕೋಪೀಟ್ ನೆನೆಸಿ ತೊಳೆಯುವುದು
4:05 ಕಾಂಪೋಸ್ಟ್ ಕಳಿತಿದೆಯೇ?
5:40 ಮೂರನ್ನೂ ಬೆರೆಸುವ ಅಳತೆ
7:30 ಮುಷ್ಟಿಯಲ್ಲಿ ಹದ ನೋಡುವುದು
8:45 ತುಂಬಿಸುವುದು, ಮೊದಲ ನೀರು
10:10 ಸಸಿ ನೆಡುವುದು
```

ಪ್ರತಿ ಗುರುತೂ ಕೆಲಸ ಶುರುವಾಗುವ ಕ್ಷಣಕ್ಕಿಂತ ಒಂದೆರಡು ಸೆಕೆಂಡು ಮುಂಚೆ ಇರಲಿ. ಮಾತಿನ ನಡುವೆ ಬಂದು ಬಿದ್ದರೆ ನೋಡುಗರಿಗೆ ತಲೆಬುಡ ತಿಳಿಯುವುದಿಲ್ಲ. ಚಾಪ್ಟರಿನ ಹೆಸರು ನಾಲ್ಕೈದು ಪದ ಮೀರದಿರಲಿ, ಉದ್ದವಾದರೆ ಫೋನಿನ ಪರದೆಯಲ್ಲಿ ಅರ್ಧಕ್ಕೇ ತುಂಡಾಗುತ್ತದೆ. ‘ಮುಖ್ಯವಾದ ಹಂತ’, ‘ಒಂದು ಗುಟ್ಟು’ ಎಂಬಂಥ ಹೆಸರು ಬೇಡವೇ ಬೇಡ. ಅಂಗೈ ತುಂಬ ಮಣ್ಣು ಹಿಡಿದು ನಿಂತವರಿಗೆ ಬೇಕಾದದ್ದು ಆ ಜಾಗದಲ್ಲಿ ಏನಿದೆ ಎಂಬುದು.

ಮಣ್ಣಿನ ಸಲಹೆ

ಇಲ್ಲಿ ಆಸೆಗೆ ಬಿದ್ದು ಗೊತ್ತಿರುವುದನ್ನೆಲ್ಲ ತುಂಬಬೇಡಿ. ಈ ವಿಡಿಯೊ ನೋಡಿ ಕೆಲಸ ಮಾಡುವವರು ಎಲ್ಲಿ ಎಡವುತ್ತಾರೋ ಅಷ್ಟಕ್ಕೆ ಮಾತ್ರ ಸಲಹೆ ಕೊಡಿ. ನಾನು ಕೊಡುವುದು ನಾಲ್ಕು.

ತಳಕ್ಕೆ ಜಲ್ಲಿ ಹಾಸಬೇಡಿ ಎಂಬುದು ಮೊದಲನೆಯದು. ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಆಗುವುದು ಬೇರೆ. ಸಣ್ಣ ಸಂದಿಗಳಿರುವ ಮಣ್ಣು ತನ್ನೊಳಗಿನ ನೀರನ್ನು ಕೆಳಗಿನ ದೊಡ್ಡ ಸಂದಿಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪೂರ್ತಿ ನೆನೆದ ಮೇಲಷ್ಟೇ ಹನಿ ಕೆಳಗಿಳಿಯುತ್ತದೆ. ಜಲ್ಲಿ ಇಲ್ಲದಿದ್ದರೆ ಆ ಒದ್ದೆ ಪದರ ಕುಂಡದ ತಳದಲ್ಲಿರುತ್ತದೆ, ಜಲ್ಲಿ ಹಾಕಿದರೆ ಅದೇ ಪದರ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿನಿಂದ ಮಣ್ಣು ಸೋರದಂತೆ ಒಂದು ತುಂಡು ಬಲೆ ಇಟ್ಟರೆ ಸಾಕು.

ಎರಡನೆಯದು ಕಾಂಪೋಸ್ಟಿನದು. ಅರೆಬರೆ ಕಳಿತ ಗೊಬ್ಬರ ಕುಂಡದೊಳಗೆ ಕಳಿಯುವುದನ್ನು ಮುಂದುವರಿಸುತ್ತದೆ. ಆ ಕೆಲಸಕ್ಕೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಗಿಡಕ್ಕೆ ಕೊರತೆಯಾಗಿ, ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಗೆ ತಿರುಗುತ್ತವೆ. ಮುಂಚೆಯೇ ತಿಳಿಯುವ ಬಗೆ ಸುಲಭ: ಒಂದು ಹಿಡಿ ಗೊಬ್ಬರ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಇಡಿ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಗಿದೆ. ಹುಳಿ ನಾತವೋ ಮೂಗಿಗೆ ಅಡರುವ ಘಾಟೋ ಬಂದರೆ ಇನ್ನೂ ಕಳಿಯಲು ಬಿಡಿ.

ಕೋಕೋಪೀಟನ್ನು ಎರಡು ಮೂರು ಸಲ ನೀರು ಬದಲಿಸಿ ತೊಳೆಯಿರಿ, ಅದರಲ್ಲಿ ಉಪ್ಪಿನಂಶ ಉಳಿದಿರಬಹುದು. ಇದಕ್ಕೆ ವಿವರಣೆಯಲ್ಲಿ ಒಂದು ಸಾಲು ಸಾಕು.

ನಾಲ್ಕನೆಯದು ಮುಷ್ಟಿ ಪರೀಕ್ಷೆ. ಬೆರೆಸಿದ ಮಣ್ಣನ್ನು ಹದವಾಗಿ ತೇವಗೊಳಿಸಿ ಮುಷ್ಟಿಯಲ್ಲಿ ಬಿಗಿಯಾಗಿ ಅದುಮಿ, ಕೈ ಬಿಚ್ಚಿ. ಉಂಡೆ ನಿಲ್ಲಬೇಕು, ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಉದುರಬೇಕು. ಮುಟ್ಟಿದರೂ ಬಿರಿಯದೆ ಬೆರಳಿನ ಅಚ್ಚು ಮೂಡಿದರೆ ಜೇಡಿ ಹೆಚ್ಚು. ಇನ್ನೆರಡು ಲೀಟರ್ ಕಾಂಪೋಸ್ಟ್ ಸೇರಿಸಿ ಮತ್ತೆ ನೋಡಿ. ಉಂಡೆಯೇ ಕಟ್ಟದಿದ್ದರೆ ಮರಳು ಹೆಚ್ಚು, ಅಥವಾ ತೇವ ಸಾಲದು. ಮೊದಲು ನೀರು ಚಿಮುಕಿಸಿ ನೋಡಿ, ಆಮೇಲೆ ಮಣ್ಣನ್ನು ದೂರಿ. ಬೆರಳ ಸಂದಿಯಿಂದ ನೀರು ಸುರಿದರೆ ಕೋಕೋಪೀಟನ್ನು ಸರಿಯಾಗಿ ಹಿಂಡಿಲ್ಲ ಎಂದರ್ಥ.

ಸೇವ್ ಮಾಡುವ ಮುನ್ನ

ವಿವರಣೆಗೆ 5,000 ಅಕ್ಷರಗಳ ಮಿತಿ ಇದೆ. ಕನ್ನಡದಲ್ಲಿ ಬರೆಯುವವರು ಇದನ್ನು ಗಮನಿಸಬೇಕು: ‘ಕ್ಕ’ ಎಂಬುದು ನಮಗೆ ಒಂದೇ ಅಕ್ಷರ, ಕಂಪ್ಯೂಟರಿನೊಳಗೆ ಅದು ಮೂರು ಸಂಕೇತಗಳ ಜೋಡಣೆ. ಆದ್ದರಿಂದ ಜಾಗ ಅಂದುಕೊಂಡದ್ದಕ್ಕಿಂತ ಬೇಗ ತುಂಬುತ್ತದೆ. ಇನ್ನೊಂದು, `<` ಮತ್ತು `>` ಚಿಹ್ನೆಗಳಿಗೆ ಅಲ್ಲಿ ಅವಕಾಶವಿಲ್ಲ. ‘ಮಣ್ಣು `->` ಗೊಬ್ಬರ’ ಎಂದು ಬಾಣ ಹಾಕಿದರೆ ಒಪ್ಪಿಕೊಳ್ಳುವುದಿಲ್ಲ, ಬದಲಿಗೆ ‘ಆಮೇಲೆ’ ಎಂದು ಬರೆಯಿರಿ.

ಪ್ರಕಟಿಸಿದ ಮೇಲೆ ಫೋನಿನಲ್ಲಿ ತೆರೆದು ಪ್ರತಿ ಗುರುತನ್ನೂ ಒತ್ತಿ ನೋಡಿ. ವಿವರಣೆಯನ್ನು ಯಾವಾಗ ಬೇಕಾದರೂ ತಿದ್ದಬಹುದು. ವಿಡಿಯೊದಲ್ಲಿ ಆಡಿದ ಮಾತನ್ನು ಹಾಗೆ ತಿದ್ದಲಾಗುವುದಿಲ್ಲ. ಆದ್ದರಿಂದ ತಪ್ಪು ತಿಳಿದ ದಿನವೇ ಅದನ್ನು ತಾರೀಕಿನೊಡನೆ ಎಲ್ಲಕ್ಕಿಂತ ಮೇಲೆ ಬರೆಯಿರಿ. ನನ್ನ ಆ ವಿಡಿಯೊದ ಮೊದಲ ಸಾಲಿಗಿಂತಲೂ ಮೇಲೆ ಈಗ ಹೀಗಿದೆ: ‘ತಿದ್ದುಪಡಿ: 5:40ರಲ್ಲಿ ಭಾಗ ಎಂದದ್ದು ಬಕೆಟ್ ಅಳತೆ, ತೂಕವಲ್ಲ. ತೂಗಿ ಬೆರೆಸಿದ್ದರೆ ಸಸಿಯನ್ನು ಬೇರಿನ ಮಣ್ಣಿನ ಸಮೇತ ಎತ್ತಿಟ್ಟುಕೊಂಡು, ಕುಂಡದ ಮಿಶ್ರಣ ಹೊರಗೆ ಸುರಿದು, ಕೆಳಗಿನ ಲೀಟರ್ ಅಳತೆಗೆ ತಕ್ಕಂತೆ ಮಣ್ಣು, ಕಾಂಪೋಸ್ಟ್ ಸೇರಿಸಿ ಮತ್ತೆ ತುಂಬಿ. ಉಳಿದ ಮಿಶ್ರಣ ಇನ್ನೆರಡು ಮೂರು ಕುಂಡಕ್ಕೆ ಆಗುತ್ತದೆ.’