ಎಲ್‌ಸಿ ಇನ್‌ವಾಯ್ಸ್ ವಾಪಸ್ ಬರದಂತೆ: ಮೂಟೆ, ತೂಕ ಮತ್ತು 45A

ದಾಖಲೆಗಳು ಷರತ್ತಿಗೆ ಹೊಂದಿದರೆ ಹಣ ಕೊಡುತ್ತೇವೆ ಎಂದು ಖರೀದಿದಾರರ ಬ್ಯಾಂಕು ಬರೆದುಕೊಡುವ ಪತ್ರವೇ ಎಲ್‌ಸಿ. ಅದು ಕೈಗೆ ಬಂದ ದಿನವೇ ನಾನು ಇನ್‌ವಾಯ್ಸಿನ ಕರಡು ಮಾಡಿಬಿಡುತ್ತೇನೆ. ಮಾಲು ಹಡಗು ಹತ್ತುವ ಮುಂಚೆ ತೊಡಕು ಕಂಡರೆ ಖರೀದಿದಾರರಿಗೆ ಹೇಳಿ ಎಲ್‌ಸಿಯನ್ನೇ ತಿದ್ದಿಸಬಹುದು. ಹತ್ತಿದ ಮೇಲೆ ತಿದ್ದಲು ನಮ್ಮ ಕೈಯಲ್ಲಿ ಉಳಿಯುವುದು ಇನ್‌ವಾಯ್ಸ್ ಒಂದೇ, ಮೂಟೆಗಳ ಲೆಕ್ಕವಲ್ಲ.

ಕಾಫಿಯ ಒಂದು ಎಲ್‌ಸಿ ಹೀಗಿದೆ ಎಂದುಕೊಳ್ಳಿ. ಅದರಲ್ಲಿ ಮಾಲಿನ ವಿವರಣೆ ಬರುವ ಕಲಂ 45A. ಭಾಗಶಃ ರವಾನೆಗೆ ಅನುಮತಿ ಇಲ್ಲ, ಒಟ್ಟು ಮೊತ್ತ 67,200 ಡಾಲರ್.

```
45A: 320 BAGS OF 60 KG EACH
INDIA ROBUSTA CHERRY AB, CROP 2023/24
USD 3,500 PER MT
CIF ANTWERP INCOTERMS 2020
```

ಎಲ್‌ಸಿಗಳಿಗೆ ಅನ್ವಯಿಸುವ ಯುಸಿಪಿ 600 ನಿಯಮಗಳ 18ನೇ ವಿಧಿಯಂತೆ ಇನ್‌ವಾಯ್ಸಿನಲ್ಲಿರುವ ಮಾಲಿನ ವಿವರಣೆ ಎಲ್‌ಸಿಯ ವಿವರಣೆಗೆ ಹೊಂದಲೇಬೇಕು. ಬೇರೆ ದಾಖಲೆಗಳಲ್ಲಿ ಬರೀ 'ಕಾಫಿ' ಎಂದಿದ್ದರೂ ನಡೆಯುತ್ತದೆ, ಇನ್‌ವಾಯ್ಸಿಗೆ ಆ ರಿಯಾಯಿತಿ ಇಲ್ಲ. ಆದ್ದರಿಂದ 45A ಪಠ್ಯವನ್ನು ಕೈಯಲ್ಲಿ ಟೈಪ್ ಮಾಡುವುದೇ ಇಲ್ಲ, ಎಲ್‌ಸಿಯಿಂದಲೇ ನಕಲು ಮಾಡಿ ಅಂಟಿಸುತ್ತೇನೆ. ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕೆಂದು ನಿಯಮ ಕೇಳುವುದಿಲ್ಲ, ಅರ್ಥ ಬದಲಾಗದ ಸಣ್ಣ ಕಾಗುಣಿತ ತಪ್ಪಿಗೆ ದಾಖಲೆ ತಿರಸ್ಕರಿಸುವಂತೆಯೂ ಇಲ್ಲ. ಹಾಗಿದ್ದರೂ ಬ್ಯಾಂಕಿನೊಂದಿಗೆ ವಾದಿಸುತ್ತಾ ಕೂರುವುದಕ್ಕಿಂತ ನಕಲು ಮಾಡುವುದು ಸುಲಭ.

ಕೈತಪ್ಪುವುದು ಹೆಚ್ಚಾಗಿ ಕೊನೆಯ ಸಾಲಿನಲ್ಲಿ. ಸಿಐಎಫ್ ಎಂದರೆ ಹಡಗು ಬಾಡಿಗೆ, ವಿಮೆ ಸೇರಿದ ಬೆಲೆ, ಇನ್‌ಕೋಟರ್ಮ್ಸ್ ಎಂದರೆ ಅಂಥ ಷರತ್ತುಗಳ ಅಂತರರಾಷ್ಟ್ರೀಯ ನಿಯಮಾವಳಿ. ಎಲ್‌ಸಿ 'ಇನ್‌ಕೋಟರ್ಮ್ಸ್ 2020' ಎಂದು ಹೇಳಿದ್ದರೆ ಇನ್‌ವಾಯ್ಸಿನಲ್ಲೂ ಆ ಇಸವಿ ಸಮೇತ ಬರಬೇಕು. ಬರೀ 'ಸಿಐಎಫ್ ಆಂಟ್‌ವರ್ಪ್' ಎಂದರೆ ಅದು ಡಿಸ್ಕ್ರೆಪೆನ್ಸಿ, ಬ್ಯಾಂಕು ದಾಖಲೆ ತಿರಸ್ಕರಿಸಬಹುದಾದ ವ್ಯತ್ಯಾಸ. ಕಚೇರಿಯ ಹಳೆಯ ಇನ್‌ವಾಯ್ಸ್ ನಮೂನೆಯ ಮೇಲೆಯೇ ಹೊಸದನ್ನು ತುಂಬಿದಾಗ ಈ ತಪ್ಪು ನುಸುಳುತ್ತದೆ. ಸಿಐಎಫ್ ಬೆಲೆಯ ಕೆಳಗೆ 'ದಾಖಲೆ ಶುಲ್ಕ 50 ಡಾಲರ್' ಎಂದು ಬೇರೆಯಾಗಿ ಕೂಡಿಸುವುದೂ ತಪ್ಪೇ. ಅಂಥ ಖರ್ಚೆಲ್ಲ ಸಿಐಎಫ್ ಬೆಲೆಯೊಳಗೇ ಸೇರಿರಬೇಕು.

ಎಲ್ಲಕ್ಕಿಂತ ದುಬಾರಿಯಾಗುವುದು ಪ್ರಮಾಣದ ವ್ಯತ್ಯಾಸ. ಕಂಟೇನರ್ ತುಂಬುವಾಗ ಎರಡು ಮೂಟೆ ಒದ್ದೆಯಾಗಿದ್ದು ಪಕ್ಕಕ್ಕಿಟ್ಟರು ಎನ್ನಿ. ಆಗ ಹೋಗುವುದು 318 ಮೂಟೆ, 19.08 ಟನ್, 66,780 ಡಾಲರ್. ಕೊರತೆ ಶೇ. 1ಕ್ಕಿಂತ ಕಡಿಮೆ, ಶೇ. 5ರ ವಿನಾಯಿತಿ ಇದೆಯಲ್ಲ ಎಂದು ಅನೇಕರು ಧೈರ್ಯ ಮಾಡುತ್ತಾರೆ. ಆ ವಿನಾಯಿತಿ 30ನೇ ವಿಧಿಯಲ್ಲಿ ಇರುವುದು ನಿಜ. ಆದರೆ ಎಲ್‌ಸಿ ಪ್ರಮಾಣವನ್ನು ಮೂಟೆ, ಪೆಟ್ಟಿಗೆಗಳಂಥ ಎಣಿಕೆಯಲ್ಲಿ ಹೇಳಿದ್ದರೆ ಅದು ಸಿಗುವುದಿಲ್ಲ. ಇಲ್ಲಿ 320 ಎಂದರೆ 320. ಇದೇ ಎಲ್‌ಸಿ ಬರೀ '19.2 MT' ಎಂದಿದ್ದರೆ 18.24 ಟನ್‌ವರೆಗೆ ಕಡಿಮೆ ಕಳಿಸಿದರೂ ಬ್ಯಾಂಕು ತಕರಾರು ಎತ್ತುವಂತಿರಲಿಲ್ಲ. ಹೆಚ್ಚು ಕಳಿಸಲೂ ಶೇ. 5 ಅವಕಾಶ ಇರುತ್ತಿತ್ತು, ಆದರೆ ಪಡೆಯುವ ಹಣ ಎಲ್‌ಸಿ ಮೊತ್ತವನ್ನು ಮೀರುವಂತಿಲ್ಲ.

ಹಾಗಾಗಿ ಎಲ್‌ಸಿಯ ಕರಡು ಖರೀದಿದಾರರಿಂದ ಬಂದಾಗಲೇ ಪ್ರಮಾಣವನ್ನು ಟನ್ನಿನಲ್ಲಿ ಬರೆಸಿ ಎಂದು ಕೇಳುತ್ತೇನೆ. ಒಪ್ಪದಿದ್ದರೆ 'ಪ್ರಮಾಣ ಮತ್ತು ಮೊತ್ತ ಎರಡರಲ್ಲೂ ಶೇ. 5 ಹೆಚ್ಚು ಕಡಿಮೆ' ಎಂದು ಸೇರಿಸಲು ಕೇಳುತ್ತೇನೆ. ಅದೂ ಆಗದಿದ್ದರೆ ಅದೇ ದರ್ಜೆಯ ನಾಲ್ಕೈದು ಮೂಟೆ ಹೆಚ್ಚುವರಿ ತರಿಸಿ ಕಂಟೇನರ್ ತುಂಬುವ ಜಾಗದಲ್ಲಿ ಇಟ್ಟುಕೊಳ್ಳುವುದೇ ದಾರಿ.

ಉಚಿತ ಸ್ಯಾಂಪಲ್ ಕೂಡ ಹೀಗೆಯೇ ಸಿಕ್ಕಿಹಾಕಿಸುತ್ತದೆ. 'ಸ್ಯಾಂಪಲ್ 2 ಕೆಜಿ, ಉಚಿತ' ಎಂದು ಇನ್‌ವಾಯ್ಸಿನಲ್ಲಿ ಒಂದು ಸಾಲು ಬಂದರೂ ಎಲ್‌ಸಿ ಕೇಳದ ಮಾಲು ತೋರಿಸಿದಂತೆ, ದುಡ್ಡು ಕೇಳದಿದ್ದರೂ ಅಷ್ಟೇ. ಸ್ಯಾಂಪಲನ್ನು ಬೇರೆ ಕೊರಿಯರ್‌ನಲ್ಲಿ, ಬೇರೆ ಕಾಗದದಲ್ಲಿ ಕಳಿಸಿ.

ಇಷ್ಟಾದರೂ ತಿರಸ್ಕಾರ ಬಂದರೆ ದಿನಗಳ ಲೆಕ್ಕವೇ ಮುಖ್ಯ. ಬ್ಯಾಂಕಿಗೆ ಪರಿಶೀಲಿಸಲು ಗರಿಷ್ಠ ಐದು ಬ್ಯಾಂಕಿಂಗ್ ದಿನ. ತಿರಸ್ಕರಿಸುವುದಾದರೆ ಎಲ್ಲ ತಪ್ಪುಗಳನ್ನೂ ಒಂದೇ ನೋಟಿಸಿನಲ್ಲಿ ಹೇಳಬೇಕು, ಆಮೇಲೆ ಹೊಸದೊಂದನ್ನು ಹುಡುಕಿ ಸೇರಿಸುವಂತಿಲ್ಲ. ಎಲ್‌ಸಿ ಬೇರೆ ಅವಧಿ ಹೇಳದಿದ್ದರೆ ರವಾನೆಯ ನಂತರ 21 ದಿನದೊಳಗೆ, ಎಲ್‌ಸಿಯ ಅವಧಿಯೂ ಮುಗಿಯುವ ಮೊದಲು, ಮೂಲ ಸಾಗಣೆ ದಾಖಲೆಗಳ ಸಮೇತ ಸಲ್ಲಿಸಬೇಕು. ಮಾರ್ಚ್ 10ಕ್ಕೆ ಮಾಲು ಹಡಗು ಹತ್ತಿದರೆ ಕೊನೆಯ ದಿನ ಮಾರ್ಚ್ 31. ಮಾರ್ಚ್ 28ಕ್ಕೆ ಕೊಟ್ಟರೆ ತಪ್ಪಿನ ಸುದ್ದಿ ಗಡುವು ದಾಟಿದ ಮೇಲೆಯೇ ಬರಬಹುದು. 15ರೊಳಗೆ ಕೊಟ್ಟಿದ್ದರೆ ಸರಿಪಡಿಸಿದ ಇನ್‌ವಾಯ್ಸ್ ಕೊಡಲು ಸಮಯ ಸಾಕಷ್ಟು, ಏಕೆಂದರೆ ಇನ್‌ವಾಯ್ಸ್ ನಾವೇ ಕೊಡುವ ದಾಖಲೆ.

318 ಮೂಟೆಯಂಥ ತಪ್ಪನ್ನು ಮಾತ್ರ ಕಾಗದ ತಿದ್ದಿ ಸರಿಮಾಡಲಾಗದು. ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್‌ನಲ್ಲೂ 318 ಎಂದೇ ಇರುತ್ತದೆ. ಆಗ ಖರೀದಿದಾರರು ವ್ಯತ್ಯಾಸವನ್ನು ಒಪ್ಪಿ ಮನ್ನಾ ಮಾಡಬೇಕು, ಅದನ್ನು ಎಲ್‌ಸಿ ಕೊಟ್ಟ ಬ್ಯಾಂಕೂ ಒಪ್ಪಬೇಕು. ಅಷ್ಟರಲ್ಲಿ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಇಳಿದಿದ್ದರೆ ಮನ್ನಾದ ಜೊತೆಗೆ ರಿಯಾಯಿತಿಯ ಬೇಡಿಕೆಯೂ ಬರುತ್ತದೆ.