ಬಂದ ವರ್ಗಣಿಯೆಲ್ಲ ಈ ವರ್ಷದ ಆದಾಯವಲ್ಲ

ಶಿರಸಿ ಕಡೆಯ ಸಂಘಗಳ ಖಜಾಂಚಿಗಳೇ, ಮಾರ್ಚ್ ಲೆಕ್ಕ ಮುಗಿಸುವಾಗ ಇದನ್ನೊಮ್ಮೆ ನೋಡಿಕೊಳ್ಳಿ. ನಮ್ಮ ಯಕ್ಷಗಾನ ಸಂಘದಲ್ಲಿ 60 ಸದಸ್ಯರು, ವರ್ಷಕ್ಕೆ ತಲಾ 500 ರೂ. ವರ್ಗಣಿ. ಈ ವರ್ಷ ಕೈಗೆ ಬಂದದ್ದು 34,000. ಸ್ವೀಕೃತಿ-ಪಾವತಿ ಖಾತೆಗೆ ಅಷ್ಟೂ ಹೋಗುತ್ತದೆ. ಅದು ನಗದು ಪುಸ್ತಕದ ಸಾರಾಂಶ ಅಷ್ಟೇ.

ಆದರೆ ಅದರಲ್ಲಿ 6,000 ಹೋದ ವರ್ಷದ ಬಾಕಿ, 2,000 ಮುಂದಿನ ವರ್ಷದ ಮುಂಗಡ. ಎರಡನ್ನೂ ಕಳೆದರೆ 26,000. ಎಂಟು ಜನ ಇನ್ನೂ ಕೊಡಬೇಕಾದ 4,000 ಸೇರಿಸಿ. ಆದಾಯ-ವೆಚ್ಚ ಖಾತೆಗೆ ಹೋಗುವುದು 30,000. ತಾಳೆ ನೋಡಬೇಕೆಂದರೆ 60 × 500 ಮಾಡಿ.

ಒಮ್ಮೆ 18,000 ರೂಪಾಯಿಯ ಹೊಸ ಚಂಡೆಯನ್ನು ಇಡಿಯಾಗಿ ವೆಚ್ಚಕ್ಕೆ ಬರೆದು, ಇಲ್ಲದ ಕೊರತೆ ತೋರಿಸಿ ಸಭೆಯಲ್ಲಿ ಬೈಸಿಕೊಂಡಿದ್ದೆ! ಆದಾಯ-ವೆಚ್ಚ ಖಾತೆಗೆ ಹೋಗಬೇಕಾದದ್ದು ಆ ವರ್ಷದ ಸವಕಳಿ ಮಾತ್ರ. ಉಳಿದ ಬೆಲೆ ಆಸ್ತಿ-ಹೊಣೆ ಪಟ್ಟಿಗೆ.